ಹೊಸ ಫೋನಿನಲ್ಲಿ ವಾಟ್ಸಾಪ್ ಬ್ಯಾಕಪ್ ಸಿಗುತ್ತಿಲ್ಲವೇ? ಹಳೆ ಫೋನನ್ನು ಇನ್ನೂ ಕೊಡಬೇಡಿ

ಪ್ರಶ್ನೆ: ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಗಿರಾಕಿಗಳ ಅಳತೆ, ಡಿಸೈನ್ ಫೋಟೋ, ಕೊಡಬೇಕಾದ ತಾರೀಖು ಎಲ್ಲಾ ವಾಟ್ಸಾಪ್‌ನಲ್ಲೇ ಇತ್ತು, ಐದು ವರ್ಷದ್ದು. ಮೂರು ದಿನದ ಹಿಂದೆ ಹೊಸ ಆಂಡ್ರಾಯ್ಡ್ ಫೋನ್ ತಗೊಂಡೆ. ನಂಬರ್ ಅದೇ. ಅಂಗಡಿಯ ಹುಡುಗನೇ ಎಲ್ಲಾ ಸೆಟ್ ಮಾಡಿಕೊಟ್ಟ. ವಾಟ್ಸಾಪ್ ಹಾಕುವಾಗ ಬ್ಯಾಕಪ್ ಸಿಗಲಿಲ್ಲ ಅಂತ ಬಂತು, ಅವನು ಸ್ಕಿಪ್ ಒತ್ತಿಬಿಟ್ಟ. ಈಗ ಎಲ್ಲಾ ಖಾಲಿ. ಹಳೆ ಫೋನ್ ಮನೆಯಲ್ಲಿದೆ, ಭಾನುವಾರ ಎಕ್ಸ್‌ಚೇಂಜ್‌ಗೆ ಕೊಡಬೇಕು. ಜಾಗ ಸಾಲದೆ ಹೀಗಾಯ್ತಾ, ಅಕೌಂಟ್ ತಪ್ಪಾ, ವರ್ಷನ್ ತಪ್ಪಾ, ಒಂದೂ ಗೊತ್ತಾಗ್ತಿಲ್ಲ. ಹಳೇದೆಲ್ಲಾ ವಾಪಸ್ ಬರುತ್ತಾ?

ಉತ್ತರ: ಭಾನುವಾರ ಆ ಫೋನನ್ನು ಕೊಡಬೇಡಿ. ನಿಮ್ಮ ಐದು ವರ್ಷದ ಚಾಟ್ ಇವತ್ತಿಗೂ ಆ ಫೋನಿನೊಳಗೆ ಹಾಗೇ ಇರುವ ಸಾಧ್ಯತೆ ತುಂಬಾ ಇದೆ. ನಿಮ್ಮ ನಂಬರನ್ನು ಹೊಸ ಫೋನಿನಲ್ಲಿ ವಾಟ್ಸಾಪ್‌ಗೆ ಹಾಕಿದಾಗ ಹಳೆ ಫೋನಿನ ವಾಟ್ಸಾಪ್ ಲಾಗ್‌ಔಟ್ ಆಗುತ್ತದೆ, ಅಷ್ಟೇ. ಅದರ ಹೊಟ್ಟೆಯಲ್ಲಿರುವ ಚಾಟ್ ಅಳಿಸಿ ಹೋಗುವುದಿಲ್ಲ. ಅದನ್ನು ಅಳಿಸುವವರು ನಾವೇ. ಎಕ್ಸ್‌ಚೇಂಜ್‌ಗೆ ಕೊಡುವ ಮೊದಲು ಫೋನ್ ರೀಸೆಟ್ ಮಾಡುತ್ತೇವೆ, ಇಲ್ಲಾ ಜಾಗ ಆಗಲಿ ಅಂತ ವಾಟ್ಸಾಪನ್ನು ತೆಗೆದು ಹಾಕುತ್ತೇವೆ. ಇವೆರಡನ್ನೂ ಮಾಡಬೇಡಿ. ಹಳೆ ಫೋನನ್ನು ಚಾರ್ಜ್‌ಗೆ ಹಾಕಿ, ಸುಮ್ನೆ ಪಕ್ಕಕ್ಕಿಡಿ.

ಈಗ ಹೊಸ ಫೋನ್ ಕೈಗೆ ತಗೊಳ್ಳಿ. ಅದರಲ್ಲಿ ಈ ಕ್ಷಣವೇ ಮಾಡಬೇಕಾದ ಒಂದು ಕೆಲಸ ಇದೆ. ವಾಟ್ಸಾಪ್ ತೆರೆದು Settings, ಅದರಲ್ಲಿ Chats, ಅದರಲ್ಲಿ Chat backup ಗೆ ಹೋಗಿ. ಅಲ್ಲಿ ಗೂಗಲ್ ಅಕೌಂಟ್‌ಗೆ ಎಷ್ಟು ದಿನಕ್ಕೊಮ್ಮೆ ಬ್ಯಾಕಪ್ ಆಗಬೇಕು ಅಂತ ಕೇಳುವ ಜಾಗದಲ್ಲಿ ಬ್ಯಾಕಪ್ ಆಫ್ ಮಾಡಿ. ಹಸಿರು ಬಣ್ಣದ Back up ಬಟನ್ ಕಾಣುತ್ತದೆ, ಅದನ್ನು ಮಾತ್ರ ಒತ್ತಬೇಡಿ.

ಯಾಕೆ ಇಷ್ಟು ಅವಸರ ಅಂದರೆ, ಒಂದು ನಂಬರಿಗೆ ಒಂದು ಗೂಗಲ್ ಅಕೌಂಟ್‌ನಲ್ಲಿ ಇರುವುದು ಒಂದೇ ಬ್ಯಾಕಪ್. ಹೊಸದು ಹೋದಾಗ ಹಳೆಯದರ ಜಾಗದಲ್ಲೇ ಕೂರುತ್ತದೆ. ಹಳೆಯದನ್ನು ಬೇರೆ ಎತ್ತಿಡುವುದಿಲ್ಲ. ನೋಟ್ ಪುಸ್ತಕದಲ್ಲಿ ಹೊಸ ಹಾಳೆ ಸೇರಿದ ಹಾಗೆ ಅಲ್ಲ, ಸ್ಲೇಟು ಒರೆಸಿ ಮತ್ತೆ ಬರೆದ ಹಾಗೆ. ಖಾಲಿ ಫೋನಿನಿಂದ ಒಂದು ಬ್ಯಾಕಪ್ ಹೋದರೆ ಐದು ವರ್ಷದ ಬ್ಯಾಕಪ್ ಇದ್ದ ಕಡೆ ಮೂರು ದಿನದ್ದು ಬರುತ್ತದೆ. ಬ್ಯಾಕಪ್ ಕಳೆದುಕೊಂಡು ನನ್ನ ಹತ್ತಿರ ಬಂದವರಲ್ಲಿ ಜಾಸ್ತಿ ಜನ ಕಳೆದುಕೊಂಡದ್ದು ಫೋನ್ ಬದಲಿಸಿದ ದಿನ ಅಲ್ಲ. ಆಮೇಲಿನ ವಾರ, ‘ಇನ್ನು ಮುಂದೆಯಾದರೂ ಸರಿಯಾಗಿ ಬ್ಯಾಕಪ್ ಮಾಡೋಣ’ ಅಂತ ಆ ಹಸಿರು ಬಟನ್ ಒತ್ತಿದ ದಿನ.

ಇದನ್ನು ಆಫ್ ಮಾಡಿದ ಮೇಲೆ ನಿಮಗೆ ಅವಸರ ಇಲ್ಲ. ನಿಧಾನವಾಗಿ ಹುಡುಕಬಹುದು.

ನೀವು ಕೇಳಿದ ಮೂರರಲ್ಲಿ ನನಗೆ ಮೊದಲ ಅನುಮಾನ ಅಕೌಂಟ್ ಮೇಲೆ. ‘ಅಂಗಡಿಯ ಹುಡುಗನೇ ಎಲ್ಲಾ ಸೆಟ್ ಮಾಡಿಕೊಟ್ಟ’ ಅಂದಿರಲ್ಲ, ಅಲ್ಲೇ ನನ್ನ ಕಣ್ಣು ನಿಂತಿತು. ಆಂಡ್ರಾಯ್ಡ್‌ನಲ್ಲಿ ಬ್ಯಾಕಪ್ ವಾಪಸ್ ಬರಬೇಕಾದರೆ ಎರಡು ಸೇರಬೇಕು. ಬ್ಯಾಕಪ್ ಮಾಡಿದಾಗ ಇದ್ದ ಫೋನ್ ನಂಬರ್, ಮತ್ತೆ ಬ್ಯಾಕಪ್ ಹೋಗಿ ಕೂತ ಗೂಗಲ್ ಅಕೌಂಟ್. ನಂಬರ್ ಸರಿ ಇದ್ದು ಅಕೌಂಟ್ ಬೇರೆಯಾದರೆ ವಾಟ್ಸಾಪ್ ಬೇರೆ ಮನೆಯಲ್ಲಿ ಹುಡುಕಿದ ಹಾಗೆ. ಅಲ್ಲಿ ಏನೂ ಸಿಗುವುದಿಲ್ಲ, ‘ಬ್ಯಾಕಪ್ ಇಲ್ಲ’ ಅಂತ ಹೇಳುತ್ತದೆ. ಅಕೌಂಟ್ ತಪ್ಪಾಗಿದೆ ಅಂತ ಹೇಳುವುದಿಲ್ಲ, ಅದಕ್ಕೇ ಜನ ಗಾಬರಿಯಾಗುವುದು. ಫೋನ್ ಅಂಗಡಿಗಳಲ್ಲಿ ಗಿರಾಕಿಗೆ ಜಿಮೇಲ್ ಪಾಸ್‌ವರ್ಡ್ ನೆನಪಿಲ್ಲ ಅಂದರೆ ಎರಡು ನಿಮಿಷದಲ್ಲಿ ಹೊಸ ಜಿಮೇಲ್ ಮಾಡಿ ಹಾಕಿಕೊಡುತ್ತಾರೆ. ಫೋನ್ ನಡೆಯುತ್ತದೆ, ಗಿರಾಕಿ ಖುಷಿಯಾಗಿ ಹೋಗುತ್ತಾರೆ. ಬ್ಯಾಕಪ್ ಮಾತ್ರ ಹಳೆ ಜಿಮೇಲ್‌ನಲ್ಲೇ ಉಳಿಯುತ್ತದೆ. ನಿಮ್ಮ ವಿಷಯದಲ್ಲೂ ಹೀಗೇ ಆಗಿದ್ದರೆ ಅದರಲ್ಲಿ ಒಂದು ಒಳ್ಳೆಯದೂ ಇದೆ. ಈ ಮೂರು ದಿನದಲ್ಲಿ ಹೊಸ ಫೋನಿನಿಂದ ಬ್ಯಾಕಪ್ ಹೋಗಿದ್ದರೂ ಅದು ಹೊಸ ಜಿಮೇಲ್‌ಗೆ ಹೋಗಿರುತ್ತದೆ. ಹಳೆಯದನ್ನು ಮುಟ್ಟಿರುವುದಿಲ್ಲ.

ನಮ್ಮ ಅಕ್ಕನ ಫೋನಿನಲ್ಲಿ ನಡೆದದ್ದನ್ನು ಇಲ್ಲಿ ಹೇಳಬೇಕು. ನೀವು ಹೇಳಿದ ಮೂರು ಅನುಮಾನಗಳೂ ಆ ಒಂದೇ ಫೋನಿನಲ್ಲಿ ನಿಜವಾಗಿದ್ದವು. ಅವಳಿಗೂ ಹೊಸ ಫೋನ್, ಅಂಗಡಿಯಲ್ಲೇ ಸೆಟ್ ಮಾಡಿಸಿದ್ದು, ಖಾಲಿ ವಾಟ್ಸಾಪ್. ನಾನು ಹೋಗಿ ಅವಳ ಹಳೆ ಫೋನ್ ಆನ್ ಮಾಡಿದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್‌ಗಳ ಪಟ್ಟಿ ಇರುತ್ತದೆ, ಕೆಲವು ಫೋನುಗಳಲ್ಲಿ ಅದಕ್ಕೆ Passwords & accounts ಅಂತ ಹೆಸರು. ಅಲ್ಲಿ ಎರಡು ಜಿಮೇಲ್ ಇದ್ದವು. ಒಂದು ಅಕ್ಕನದು. ಇನ್ನೊಂದು ಅವಳ ಮಗನದು, ಯಾವಾಗಲೋ ಗೇಮ್ ಆಡಲು ಹಾಕಿಕೊಂಡಿದ್ದ. ಅಕ್ಕನ ಜಿಮೇಲ್ ಅನ್ನು ಹೊಸ ಫೋನಿಗೆ ಹಾಕಿ ನೋಡಿದರೂ ಬ್ಯಾಕಪ್ ಸಿಗಲಿಲ್ಲ. ಯಾಕೆಂದರೆ ನಾಲ್ಕು ವರ್ಷದಿಂದ ಅವಳ ವಾಟ್ಸಾಪ್ ಬ್ಯಾಕಪ್ ಹೋಗುತ್ತಿದ್ದದ್ದು ಮಗನ ಅಕೌಂಟ್‌ಗೆ! ಮೊದಲ ಸಲ ವಾಟ್ಸಾಪ್ ‘ಯಾವ ಅಕೌಂಟ್?’ ಅಂತ ಕೇಳಿದಾಗ ಯಾರೋ ಮೇಲಿನದನ್ನು ಒತ್ತಿದ್ದರು. ಆಮೇಲೆ ಅದನ್ನು ಯಾರೂ ನೋಡಿರಲಿಲ್ಲ.

ಆದ್ದರಿಂದ ನಿಮ್ಮ ಹಳೆ ಫೋನಿನಲ್ಲಿ ಎಷ್ಟು ಜಿಮೇಲ್ ಇವೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಗಂಡನದು, ಮಕ್ಕಳದು, ಯಾವತ್ತೋ ಮಾಡಿ ಮರೆತದ್ದು, ಎಲ್ಲವನ್ನೂ. ಆಮೇಲೆ ಹಳೆ ಫೋನಿನಲ್ಲೇ ಗೂಗಲ್ ಡ್ರೈವ್ ಆ್ಯಪ್ ತೆರೆಯಿರಿ. ಎಡಗಡೆ ಮೇಲೆ ಮೂರು ಗೆರೆ ಇರುತ್ತವೆ, ಒತ್ತಿದರೆ Backups ಅಂತ ಕಾಣುತ್ತದೆ. ಬಲಗಡೆ ಮೇಲಿರುವ ಚಿಕ್ಕ ಗೋಲದ ಚಿತ್ರ ಒತ್ತಿ ಒಂದೊಂದೇ ಅಕೌಂಟ್ ಬದಲಿಸಿ, ಪ್ರತಿಯೊಂದರಲ್ಲೂ ಈ Backups ನೋಡಿ. ಯಾವುದರಲ್ಲಿ ವಾಟ್ಸಾಪ್ ಹೆಸರು ಕಾಣುತ್ತದೋ ಅದೇ ನಿಮಗೆ ಬೇಕಾದ ಅಕೌಂಟ್. ಆ ಬ್ಯಾಕಪ್ಪನ್ನು ತೆರೆದು ಒಳಗಿನ ಚಾಟ್ ಓದಲು ಬರುವುದಿಲ್ಲ. ಅದು ಇದೆಯಾ, ಕೊನೆಗೆ ಯಾವತ್ತು ಹೋಗಿದೆ ಅನ್ನುವುದು ಮಾತ್ರ ಗೊತ್ತಾಗುತ್ತದೆ. ಸದ್ಯಕ್ಕೆ ನಮಗೆ ಅಷ್ಟೇ ಬೇಕು. ಅಲ್ಲಿ ಅಳಿಸುವ ಬಟನ್ನೂ ಇರುತ್ತದೆ, ಕೈ ತಾಗದ ಹಾಗೆ ನೋಡಿಕೊಳ್ಳಿ.

ಪಾಸ್‌ವರ್ಡ್ ನೆನಪಿಲ್ಲದಿದ್ದರೂ ಹೆದರಬೇಡಿ. ಹಳೆ ಫೋನಿನಲ್ಲಿ ಆ ಅಕೌಂಟ್ ಇನ್ನೂ ಲಾಗಿನ್ ಆಗಿಯೇ ಇದೆ. ಹೊಸ ಫೋನಿನಲ್ಲಿ ಅದನ್ನು ಸೇರಿಸಲು ಹೋಗಿ ಪಾಸ್‌ವರ್ಡ್ ಮರೆತಿದೆ ಅಂತ ಒತ್ತಿದರೆ, ಸಾಮಾನ್ಯವಾಗಿ ಗೂಗಲ್ ಹಳೆ ಫೋನಿಗೇ ‘ಇದು ನೀವೇನಾ?’ ಅಂತ ಕೇಳಿ ಕಳಿಸುತ್ತದೆ. ಹಳೆ ಫೋನನ್ನು ಕೈಬಿಡಬೇಡಿ ಅನ್ನುವುದಕ್ಕೆ ಇದು ಇನ್ನೊಂದು ಕಾರಣ.

ಈಗ ತಾರೀಖಿಗೆ ಬರೋಣ. ಅಕ್ಕನ ಬ್ಯಾಕಪ್ ಮಗನ ಅಕೌಂಟ್‌ನಲ್ಲಿ ಸಿಕ್ಕಿತು, ಎಲ್ಲರೂ ಉಸಿರು ಬಿಟ್ಟರು. ಆದರೆ ಪಕ್ಕದಲ್ಲಿ ತಾರೀಖು ನೋಡಿದರೆ ಮೂರು ತಿಂಗಳು ಹಳೆಯದು. ಅದನ್ನು ತಂದುಕೊಂಡರೆ ಮೂರು ತಿಂಗಳ ಹಿಂದಿನವರೆಗೆ ಚಾಟ್ ಬರುತ್ತಿತ್ತು, ಈಚಿನದು ಬರುತ್ತಿರಲಿಲ್ಲ. ಯಾಕೆ ನಿಂತಿತ್ತು? ಜಾಗ. ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ. ಜಿಮೇಲ್, ಫೋಟೋಸ್, ಡ್ರೈವ್ ಎಲ್ಲಾ ಸೇರಿ ಅಷ್ಟೇ. ಮೊದಲು ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ ಈ 15 ಜಿಬಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ಎಷ್ಟು ದೊಡ್ಡದಿದ್ದರೂ ನಡೆಯುತ್ತಿತ್ತು. 2024ರಲ್ಲಿ ಅದೂ ಲೆಕ್ಕಕ್ಕೆ ಸೇರಿತು. ವರ್ಷಗಟ್ಟಲೆ ಸಲೀಸಾಗಿ ಹೋಗುತ್ತಿದ್ದ ಬ್ಯಾಕಪ್ ಅದರಿಂದಾಗಿ ಎಷ್ಟೋ ಜನರದ್ದು ನಿಂತುಹೋಗಿದೆ. ಜಾಗ ಇಲ್ಲ ಅಂತ ಸೂಚನೆ ಬಂದಿರುತ್ತದೆ, ಆದರೆ ದಿನಕ್ಕೆ ನೂರು ಸೂಚನೆ ಬರುವಾಗ ಇದನ್ನು ಯಾರು ನೋಡುತ್ತಾರೆ? ಮಗನ ಫೋಟೋಗಳೇ ಆ ಅಕೌಂಟನ್ನು ತುಂಬಿಸಿದ್ದವು. ಅವನ ಫೋಟೋದಿಂದ ಅಮ್ಮನ ಚಾಟ್ ನಿಂತಿತ್ತು.

ಇದರ ಜೊತೆಗೆ ಇನ್ನೊಂದು ಗಡುವು ಇದೆ. ಐದು ತಿಂಗಳಿಗಿಂತ ಜಾಸ್ತಿ ಕಾಲ ಹೊಸದಾಗದ ವಾಟ್ಸಾಪ್ ಬ್ಯಾಕಪ್ಪನ್ನು ಗೂಗಲ್ ಕಡೆಯಿಂದ ತಾನಾಗಿಯೇ ತೆಗೆಯುತ್ತಾರೆ. ನಿಮ್ಮ ಬ್ಯಾಕಪ್ ಯಾವ ಅಕೌಂಟ್‌ನಲ್ಲೂ ಕಾಣದಿದ್ದರೆ ಹೀಗೆ ಆಗಿರಬಹುದು, ಇಲ್ಲಾ ನೀವು ಶುರುವಿನಿಂದಲೂ ಗೂಗಲ್ ಬ್ಯಾಕಪ್ ಆನ್ ಮಾಡೇ ಇಲ್ಲದಿರಬಹುದು. ಎರಡರಲ್ಲಿ ಯಾವುದಾದರೂ ದಾರಿ ಒಂದೇ, ಹಳೆ ಫೋನಿನಿಂದಲೇ ಚಾಟ್ ತರಬೇಕು. ಅದನ್ನು ಕೆಳಗೆ ಹೇಳುತ್ತೇನೆ.

ಗೂಗಲ್‌ನ ಜಾಗ ಒಂದು ಕಡೆಯಾದರೆ ಹೊಸ ಫೋನಿನ ಜಾಗ ಇನ್ನೊಂದು ಕಡೆ. ಇವೆರಡನ್ನು ಜನ ಕಲಸಿಬಿಡುತ್ತಾರೆ. ಗೂಗಲ್‌ನಲ್ಲಿ ಜಾಗ ಇಲ್ಲದಿದ್ದರೆ ಬ್ಯಾಕಪ್ ‘ಹೋಗುವುದಿಲ್ಲ’. ಫೋನಿನಲ್ಲಿ ಜಾಗ ಇಲ್ಲದಿದ್ದರೆ ಬ್ಯಾಕಪ್ ‘ಬರುವುದಿಲ್ಲ’, ಶುರುವಾಗಿ ಅರ್ಧಕ್ಕೆ ನಿಲ್ಲುತ್ತದೆ. ನಿಮ್ಮ ಫೋನ್ ಹೊಸದು, ಮೂರು ದಿನದ್ದು. ಜೊತೆಗೆ ಬಂದದ್ದು ‘ಸಿಗಲಿಲ್ಲ’ ಅನ್ನುವ ಮಾತು. ಜಾಗದ ತೊಂದರೆಯಾಗಿದ್ದರೆ ಬ್ಯಾಕಪ್ ಸಿಕ್ಕಿ, ಅದರ ತಾರೀಖು ಮತ್ತೆ ಸೈಜ್ ತೋರಿಸಿ, ಆಮೇಲೆ ಜಾಗ ಸಾಲದು ಅನ್ನುತ್ತಿತ್ತು. ಹಾಗಾಗಿ ಫೋನಿನ ಜಾಗದಿಂದ ಹೀಗಾಗಿಲ್ಲ ಅಂತ ನನಗೆ ಅನಿಸುತ್ತದೆ. ಆದರೂ ಒಂದು ಸಲ ನೋಡಿಕೊಳ್ಳಿ. ತೋರಿಸುವ ಬ್ಯಾಕಪ್ ಸೈಜಿನ ಎರಡರಷ್ಟಾದರೂ ಖಾಲಿ ಜಾಗ ಇರಲಿ. ನಾಲ್ಕು ಜಿಬಿ ಬ್ಯಾಕಪ್ ಆದರೆ ಎಂಟು ಜಿಬಿ. ಇದು ನಾನು ಇಟ್ಟುಕೊಂಡಿರುವ ಅಂದಾಜು. ಮೆಸೇಜುಗಳ ಕಟ್ಟು ಮೊದಲು ಬೀಗ ಹಾಕಿದ ಸ್ಥಿತಿಯಲ್ಲಿ ಇಳಿಯುತ್ತದೆ, ಆಮೇಲೆ ಫೋನಿನೊಳಗೆ ಬಿಚ್ಚಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಎರಡಕ್ಕೂ ಜಾಗ ಬೇಕು.

ವರ್ಷನ್ ವಿಷಯ. ಹೊಸ ವಾಟ್ಸಾಪ್‌ನಲ್ಲಿ ಮಾಡಿದ ಬ್ಯಾಕಪ್ಪನ್ನು ಹಳೆ ವಾಟ್ಸಾಪ್ ಓದಲಾರದೆ ಹೋಗಬಹುದು. ಹೊಸ ಫೋನಿನಲ್ಲಿ ಹಳೆ ವಾಟ್ಸಾಪ್ ಹೇಗೆ ಬರುತ್ತದೆ ಅಂತ ಕೇಳಬಹುದು. ಅಕ್ಕನ ಫೋನಿನಲ್ಲಿ ಬಂದಿತ್ತು. ಅಂಗಡಿಯಲ್ಲಿ ನೆಟ್ ನಿಧಾನ ಇತ್ತಂತೆ, ಹುಡುಗ ತನ್ನ ಫೋನಿನಿಂದಲೇ ವಾಟ್ಸಾಪ್ ಫೈಲನ್ನು ಶೇರ್ ಮಾಡಿ ಹಾಕಿದ್ದ. ಅದು ಎಷ್ಟೋ ತಿಂಗಳ ಹಿಂದಿನದು. ವಾಟ್ಸಾಪ್‌ನ Settings ಒಳಗೆ Help, ಅದರಲ್ಲಿ App info ಒತ್ತಿದರೆ ವರ್ಷನ್ ನಂಬರ್ ಕಾಣುತ್ತದೆ. ಆದರೆ ಎರಡೂ ಫೋನಿನ ನಂಬರ್ ಹೋಲಿಸುತ್ತಾ ಕೂರುವುದಕ್ಕಿಂತ ಹೊಸ ಫೋನಿನಲ್ಲಿ ಪ್ಲೇ ಸ್ಟೋರ್‌ನಿಂದಲೇ ಮತ್ತೆ ಹಾಕಿಕೊಳ್ಳುವುದು ಸುಲಭ. ಹಳೆ ಫೋನಿನಲ್ಲಿ ಜಿಬಿ ವಾಟ್ಸಾಪ್ ಥರದ, ವಾಟ್ಸಾಪ್ ಕಂಪನಿಯದ್ದಲ್ಲದ ಆ್ಯಪ್ ಬಳಸುತ್ತಿದ್ದರೆ ಅದರ ಬ್ಯಾಕಪ್ ಅಸಲಿ ವಾಟ್ಸಾಪ್‌ಗೆ ಬರುತ್ತದೆ ಅಂತ ಯಾವ ಭರವಸೆಯೂ ಇಲ್ಲ.

ನೀವು ಹೊಲಿಗೆ ಕೆಲಸ ಮಾಡುವವರು, ಅದಕ್ಕೇ ಇನ್ನೊಂದು ಕೇಳಲೇಬೇಕು. ಹಳೆ ಫೋನಿನ ವಾಟ್ಸಾಪ್ ಚಿತ್ರವನ್ನು ಹತ್ತಿರದಿಂದ ನೋಡಿ. ಹಸಿರು ಗೋಲದೊಳಗೆ ಫೋನ್ ರಿಸೀವರ್ ಇದೆಯಾ, B ಅಕ್ಷರ ಇದೆಯಾ? B ಇದ್ದರೆ ಅದು ವಾಟ್ಸಾಪ್ ಬಿಸಿನೆಸ್, ಬೇರೆಯದೇ ಆ್ಯಪ್. ಚಿಕ್ಕ ವ್ಯಾಪಾರ ಮಾಡುವ ಎಷ್ಟೋ ಜನ ಯಾರೋ ಹೇಳಿದರು ಅಂತ ಅದನ್ನು ಹಾಕಿಕೊಂಡು ಮರೆತಿರುತ್ತಾರೆ. ಬಿಸಿನೆಸ್‌ನಲ್ಲಿ ಮಾಡಿದ ಬ್ಯಾಕಪ್ ಸಾದಾ ವಾಟ್ಸಾಪ್‌ಗೆ ಬರುವುದಿಲ್ಲ. ಅಕೌಂಟ್ ಸರಿ, ನಂಬರ್ ಸರಿ, ಜಾಗ ಇದೆ, ಆದರೂ ‘ಸಿಗಲಿಲ್ಲ’ ಅಂತ ಬರುತ್ತದೆ. ಹಾಗಾಗಿದ್ದರೆ ಹೊಸ ಫೋನಿನಲ್ಲೂ ಬಿಸಿನೆಸ್ ಆ್ಯಪನ್ನೇ ಹಾಕಬೇಕು. ಇದನ್ನು ನೋಡಲು ಐದು ಸೆಕೆಂಡ್ ಸಾಕು, ನೋಡದೆ ಎರಡು ದಿನ ಒದ್ದಾಡಿದವರನ್ನು ಕಂಡಿದ್ದೇನೆ.

ಇಷ್ಟು ಗೊತ್ತಾದ ಮೇಲೆ ಮಾಡುವ ಕೆಲಸ ಸಲೀಸು. ಶುರು ಮಾಡುವ ಮೊದಲು ಈ ಮೂರು ದಿನದಲ್ಲಿ ಹೊಸ ಫೋನಿಗೆ ಬಂದ ಆರ್ಡರ್‌ಗಳನ್ನು ಎತ್ತಿಡಿ. ಯಾಕೆಂದರೆ ಹಳೆ ಬ್ಯಾಕಪ್ ಬಂದಾಗ ಅದು ಹೊಸ ಚಾಟ್ ಜೊತೆ ಸೇರಿಕೊಳ್ಳುವುದಿಲ್ಲ. ಹಳೆಯದು ಬಂದರೆ ಈ ಮೂರು ದಿನದ್ದು ಹೋಗುತ್ತದೆ. ಮುಖ್ಯವಾದ ಗಿರಾಕಿಯ ಚಾಟ್ ತೆರೆದು, ಮೂರು ಚುಕ್ಕೆ ಒತ್ತಿ, More ಒಳಗೆ Export chat ಇರುತ್ತದೆ. ಅದರಿಂದ ನಿಮ್ಮ ಇಮೇಲ್‌ಗೆ ಕಳಿಸಿಕೊಳ್ಳಬಹುದು. ನಾಲ್ಕೇ ಆರ್ಡರ್ ಆಗಿದ್ದರೆ ಅಳತೆಯನ್ನು ಕಾಗದದ ಮೇಲೆ ಬರೆದುಕೊಂಡರೂ ಆಯ್ತು.

ಡ್ರೈವ್‌ನಲ್ಲಿ ಬ್ಯಾಕಪ್ ಸಿಕ್ಕಿ, ತಾರೀಖೂ ಫೋನ್ ಬದಲಿಸಿದ ದಿನದ್ದೋ ಹಿಂದಿನ ದಿನದ್ದೋ ಆಗಿದ್ದರೆ ಆ ಅಕೌಂಟನ್ನು ಹೊಸ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸೇರಿಸಿ. ಹೊಸ ಫೋನಿನ ವಾಟ್ಸಾಪ್ ತೆಗೆದು, ಪ್ಲೇ ಸ್ಟೋರ್‌ನಿಂದ ಮತ್ತೆ ಹಾಕಿ. ಬ್ಯಾಕಪ್ ತರಬೇಕಾ ಅಂತ ವಾಟ್ಸಾಪ್ ಕೇಳುವುದು ನಂಬರ್ ಹಾಕಿ ಶುರು ಮಾಡುವಾಗ ಮಾತ್ರ. ಒಮ್ಮೆ ಒಳಗೆ ಹೋದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಹುಡುಕಿದರೂ ‘ವಾಪಸ್ ತಾ’ ಅನ್ನುವ ಬಟನ್ ಸಿಗುವುದಿಲ್ಲ. ಅದಕ್ಕೇ ತೆಗೆದು ಹಾಕಬೇಕಾಗಿರುವುದು. ನಂಬರ್ ಹಾಕಿ, ಓಟಿಪಿ ಕೊಟ್ಟು, ಅಕೌಂಟ್ ಕೇಳಿದಾಗ ಚೀಟಿಯಲ್ಲಿ ಬರೆದದ್ದನ್ನು ಆರಿಸಿ. ತಾರೀಖು, ಸೈಜ್ ತೋರಿಸಿ Restore ಅಂತ ಬರುತ್ತದೆ. ಈಗ ಒತ್ತಿ. ವೈಫೈ ಇರುವ ಕಡೆ ಕೂತು, ಚಾರ್ಜರ್ ಹಾಕಿಕೊಂಡೇ ಮಾಡಿ. ಮೊದಲು ಮೆಸೇಜುಗಳು ಬರುತ್ತವೆ. ಫೋಟೋ, ವಾಯ್ಸ್ ಆಮೇಲೆ ಹಿಂದಿನಿಂದ ನಿಧಾನವಾಗಿ ಇಳಿಯುತ್ತವೆ, ಕೆಲವು ಗಂಟೆ ಆಗಬಹುದು. ಆ ಹೊತ್ತಿನಲ್ಲಿ ಬ್ಲೌಸ್ ಫೋಟೋಗಳು ಮಬ್ಬಾಗಿ ಕಂಡರೆ ಗಾಬರಿಯಾಗಬೇಡಿ.

ಇಲ್ಲಿ ಒಂದು ಕಡೆ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಮಧ್ಯದಲ್ಲಿ ವಾಟ್ಸಾಪ್ ಆರು ಅಂಕಿಯ ಪಿನ್ ಕೇಳಬಹುದು. ಅದು ಬೇರೆಯವರು ನಿಮ್ಮ ನಂಬರಿನಲ್ಲಿ ವಾಟ್ಸಾಪ್ ಹಾಕದ ಹಾಗೆ ತಡೆಯುವ ಪಿನ್. ಇನ್ನೊಂದು, ಬ್ಯಾಕಪ್ಪಿಗೇ ಹಾಕಿದ ಪಾಸ್‌ವರ್ಡ್, ಅದು 2021ರಿಂದ ಇದೆ. ಎಂಡ್ ಟು ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್ ಅಂತ ಹೆಸರು. ಪಾಸ್‌ವರ್ಡ್ ಬದಲು 64 ಅಂಕಿ, ಅಕ್ಷರಗಳ ಒಂದು ಕೀ ಕೂಡ ಇಟ್ಟುಕೊಂಡಿರಬಹುದು. ಪಿನ್ ಮರೆತರೆ ದಾರಿ ಇದೆ. ಬ್ಯಾಕಪ್ ಪಾಸ್‌ವರ್ಡ್ ಮರೆತರೆ ಆ ಬ್ಯಾಕಪ್ಪನ್ನು ವಾಟ್ಸಾಪ್ ಕಂಪನಿಯೂ ತೆಗೆಯಲಾರದು, ಗೂಗಲ್ಲೂ ತೆಗೆಯಲಾರದು. ಸುಮ್ನೆ ಊಹಿಸಿ ಊಹಿಸಿ ಹೊಡೆಯಬೇಡಿ. ಹಾಗಾದಾಗ ಡ್ರೈವ್ ಬಿಟ್ಟು ಹಳೆ ಫೋನಿನ ದಾರಿ ಹಿಡಿಯಿರಿ. ಹಳೆ ಫೋನಿಗೆ ಆ ಪಾಸ್‌ವರ್ಡ್ ಬೇಕಾಗುವುದಿಲ್ಲ, ಚಾಟ್ ಅದರೊಳಗೇ ಇದೆ.

ಹಳೆ ಫೋನಿನ ದಾರಿ ಅಂದರೆ ಇದು. ಅಕ್ಕನಿಗೆ ನಾನು ಮಾಡಿದ್ದೂ ಇದನ್ನೇ, ಯಾಕೆಂದರೆ ಡ್ರೈವ್‌ನಲ್ಲಿದ್ದದ್ದು ಮೂರು ತಿಂಗಳ ಹಳೆಯದು. ಹಳೆ ಫೋನಿಗೆ ವೈಫೈ ಕೊಟ್ಟು ವಾಟ್ಸಾಪ್ ತೆರೆದೆ. ನಿಮ್ಮ ನಂಬರ್ ಈ ಫೋನಿನಲ್ಲಿ ಇಲ್ಲ ಅಂತ ಬಂತು. ಅಲ್ಲೇ ಅದೇ ನಂಬರ್ ಮತ್ತೆ ಹಾಕಿದೆ. ಸಿಮ್ ಹೊಸ ಫೋನಿನಲ್ಲೇ ಇತ್ತು, ತೆಗೆಯಬೇಕಾಗಲಿಲ್ಲ. ಓಟಿಪಿ ಅಲ್ಲಿಗೆ ಬಂತು, ಅದನ್ನು ನೋಡಿ ಇಲ್ಲಿ ಟೈಪ್ ಮಾಡಿದೆ. ಒಂದು ನಿಮಿಷದಲ್ಲಿ ಅಕ್ಕನ ನಾಲ್ಕು ವರ್ಷದ ಚಾಟ್ ಕಣ್ಣ ಮುಂದೆ ಬಂತು. ಅವಳ ಸಂಘದ ಲೆಕ್ಕ, ಅತ್ತೆಯ ಔಷಧಿ ಚೀಟಿ, ಎಲ್ಲವೂ. ಹೊಸ ಫೋನಿನ ವಾಟ್ಸಾಪ್ ಅಷ್ಟೊತ್ತಿಗೆ ಲಾಗ್‌ಔಟ್ ಆಗಿತ್ತು, ಅದು ಸರಿಯೇ. ಈ ಓಟಿಪಿಯನ್ನು ಅತ್ತ ಇತ್ತ ಪದೇ ಪದೇ ತರಿಸಬೇಡಿ. ನಾಲ್ಕೈದು ಸಲ ಆದರೆ ವಾಟ್ಸಾಪ್ ಕಾಯಲು ಹೇಳುತ್ತದೆ, ಆ ಕಾಯುವ ಹೊತ್ತು ಗಂಟೆಗಟ್ಟಲೆ ಬೆಳೆಯುತ್ತದೆ.

ಚಾಟ್ ಕಂಡ ಮೇಲೆ ಎರಡು ದಾರಿ. ಗೂಗಲ್‌ನಲ್ಲಿ ಜಾಗ ಇದ್ದರೆ ಹಳೆ ಫೋನಿನಿಂದ ಹೊಸ ಬ್ಯಾಕಪ್ ಮಾಡಬಹುದು. ಮೊದಲು ಬೇಡ ಅಂದ ಹಸಿರು ಬಟನ್ನನ್ನು ಈ ಫೋನಿನಲ್ಲಿ ಧೈರ್ಯವಾಗಿ ಒತ್ತಬಹುದು, ಪೂರ್ತಿ ಚಾಟ್ ಇರುವುದು ಇದರಲ್ಲೇ ಅಲ್ವಾ. ಒತ್ತುವ ಮೊದಲು ಅದೇ ಪುಟದಲ್ಲಿ ಗೂಗಲ್ ಅಕೌಂಟ್ ಯಾವುದು ಅಂತ ನೋಡಿ, ನಿಮ್ಮದೇ ಜಿಮೇಲ್ ಆರಿಸಿ. ಜಾಗ ಕಡಿಮೆ ಇದ್ದರೆ ವಿಡಿಯೋ ಸೇರಿಸುವ Include videos ಆಫ್ ಮಾಡಿ. ನಿಮಗೆ ಬೇಕಾದದ್ದು ಫೋಟೋ, ವಾಯ್ಸ್, ಅಳತೆ. ಗುಡ್ ಮಾರ್ನಿಂಗ್ ವಿಡಿಯೋಗಳು ಹೋಗಲಿ ಬಿಡಿ.

ಜಾಗವೇ ಇಲ್ಲದಿದ್ದರೆ ಗೂಗಲ್ ಬೇಡವೇ ಬೇಡ. ಎರಡೂ ಆಂಡ್ರಾಯ್ಡ್ ಫೋನ್ ಆದ್ದರಿಂದ ನೇರವಾಗಿ ಒಂದರಿಂದ ಒಂದಕ್ಕೆ ಕಳಿಸಬಹುದು. 2023ರಲ್ಲಿ ವಾಟ್ಸಾಪ್ ಈ ಸೌಲಭ್ಯ ಕೊಟ್ಟಿತು. ಹಳೆ ಫೋನಿನ ವಾಟ್ಸಾಪ್‌ನಲ್ಲಿ Settings, Chats, ಅದರಲ್ಲಿ Transfer chats. ಹೊಸ ಫೋನಿನಲ್ಲಿ ವಾಟ್ಸಾಪ್ ತೆಗೆದು ಮತ್ತೆ ಹಾಕಿ, ಅದೇ ನಂಬರ್ ಕೊಟ್ಟು, ಬ್ಯಾಕಪ್ ಬದಲು ಹಳೆ ಫೋನಿನಿಂದ ಚಾಟ್ ತರುವ ಆಯ್ಕೆ ಒತ್ತಿ. ಅಲ್ಲಿ ಕ್ಯೂಆರ್ ಕೋಡ್ ಬರುತ್ತದೆ, ಹಳೆ ಫೋನಿನಿಂದ ಸ್ಕ್ಯಾನ್ ಮಾಡಿ. ಎರಡರಲ್ಲೂ ವೈಫೈ, ಲೊಕೇಶನ್ ಆನ್ ಇರಬೇಕು, ಫೋನುಗಳು ಪಕ್ಕಪಕ್ಕದಲ್ಲಿರಬೇಕು. ಅಕ್ಕನ ಮನೆಯಲ್ಲಿ ಎರಡನ್ನೂ ಊಟದ ಟೇಬಲ್ ಮೇಲೆ ಇಟ್ಟು, ಕಾಫಿ ಕುಡಿದು, ಮಾತಾಡುವಷ್ಟರಲ್ಲಿ ಮುಗಿಯಿತು, ಸುಮಾರು ಮುಕ್ಕಾಲು ಗಂಟೆ. ಪರದೆ ಆರಿಸಬೇಡಿ, ಮಧ್ಯೆ ಬೇರೆ ಆ್ಯಪ್ ತೆರೆಯಬೇಡಿ. ನಿಮಗೂ ನಾನು ಮೊದಲು ಹೇಳುವುದು ಈ ದಾರಿಯನ್ನೇ. ಕೊನೆಯ ಮೆಸೇಜ್‌ವರೆಗೆ ಬರುತ್ತದೆ, 15 ಜಿಬಿ ಲೆಕ್ಕ ಇಲ್ಲ, ಯಾವ ಅಕೌಂಟ್ ಅನ್ನುವ ಗೊಂದಲವೂ ಇಲ್ಲ.

ಹಳೆ ಫೋನಿನ ವಾಟ್ಸಾಪ್ ತೆರೆಯಲೇ ಇಲ್ಲ, ಪದೇ ಪದೇ ಮುಚ್ಚಿಕೊಳ್ಳುತ್ತಿದೆ ಅಂದರೆ ಮಾತ್ರ ಇದನ್ನು ಓದಿ. ಗೂಗಲ್‌ಗೆ ಹೋಗುವ ಬ್ಯಾಕಪ್ ಬಿಟ್ಟು ವಾಟ್ಸಾಪ್ ದಿನಾ ರಾತ್ರಿ 2 ಗಂಟೆಗೆ ಫೋನಿನೊಳಗೇ ಒಂದು ಪ್ರತಿ ಬರೆದಿಡುತ್ತದೆ. ಕಳೆದ ಏಳು ದಿನದವರೆಗಿನ ಪ್ರತಿಗಳು ಇರುತ್ತವೆ. ಫೈಲ್ ಮ್ಯಾನೇಜರ್‌ನಲ್ಲಿ ಈ ಫೋಲ್ಡರ್ ನೋಡಿ:

```
Android/media/com.whatsapp/WhatsApp/Databases
```

ಒಳಗೆ ಇಂಥ ಹೆಸರಿನ ಫೈಲುಗಳು ಕಾಣುತ್ತವೆ. ಮೊದಲನೆಯದು ಇತ್ತೀಚಿನದು, ತಾರೀಖು ಇರುವುದು ಅವತ್ತಿನದು:

```
msgstore.db.crypt14
msgstore-2025-03-09.1.db.crypt14
```

ಏನೇ ಮಾಡುವ ಮೊದಲು ಆ WhatsApp ಫೋಲ್ಡರನ್ನು ಪೂರ್ತಿಯಾಗಿ ಕಂಪ್ಯೂಟರ್‌ಗೋ ಮೆಮೊರಿ ಕಾರ್ಡ್‌ಗೋ ಕಾಪಿ ಮಾಡಿ. ವಾಟ್ಸಾಪ್ ತೆಗೆದರೆ ಈ ಫೋಲ್ಡರ್ ಕೂಡ ಅದರ ಜೊತೆಗೇ ಹೋಗಬಹುದು. ಆಮೇಲೆ ಹೊಸ ಫೋನಿನಲ್ಲಿ ವಾಟ್ಸಾಪ್ ಹೊಸದಾಗಿ ಹಾಕಿ, ನಂಬರ್ ಕೊಡುವ ಮೊದಲು ಅದೇ ಜಾಗಕ್ಕೆ ಈ ಫೋಲ್ಡರ್ ಇಡಿ. ಗೂಗಲ್‌ನಲ್ಲಿ ಬ್ಯಾಕಪ್ ಸಿಗದಿದ್ದಾಗ ವಾಟ್ಸಾಪ್ ಫೋನಿನೊಳಗೆ ಹುಡುಕಿ ಇದನ್ನು ತೋರಿಸುತ್ತದೆ. ತಾರೀಖು ಇರುವ ಫೈಲ್ ಬೇಕಾದರೆ ಅದರ ಹೆಸರನ್ನು ಮೊದಲನೆಯದರ ಹಾಗೆ ಬದಲಿಸಬೇಕು, ಕೊನೆಯ crypt ಮುಂದಿನ ಅಂಕಿಯನ್ನು ಮಾತ್ರ ಇದ್ದ ಹಾಗೇ ಬಿಡಿ. ಇದಕ್ಕೂ ಅದೇ ಫೋನ್ ನಂಬರ್ ಬೇಕು. ಈ ಫೈಲುಗಳಿಗೆ ಬೀಗ ಇದೆ, ಆ ನಂಬರಿನಲ್ಲಿ ಲಾಗಿನ್ ಆದಾಗಲೇ ಬೀಗ ತೆಗೆಯುವುದು. ಹಾಗಾಗಿ ‘ಬ್ಯಾಕಪ್ ಫೈಲ್ ಕೊಡಿ, ಓಟಿಪಿ ಹೇಳಿ, ದುಡ್ಡು ಕೊಟ್ಟರೆ ತೆಗೆದುಕೊಡುತ್ತೇನೆ’ ಅನ್ನುವವರು ಸಿಕ್ಕರೆ ಕೊಡಬೇಡಿ. ಓಟಿಪಿ ಹೇಳಿದರೆ ಅವರು ಮೊದಲು ತೆಗೆಯುವುದು ನಿಮ್ಮ ವಾಟ್ಸಾಪನ್ನೇ.

ಎಲ್ಲಾ ಬಂದ ಮೇಲೂ ಹಳೆ ಫೋನನ್ನು ಒಂದು ವಾರ ಇಟ್ಟುಕೊಳ್ಳಿ. ಎರಡು ವರ್ಷದ ಹಿಂದಿನ ಯಾರಾದರೂ ಗಿರಾಕಿಯ ಚಾಟ್ ಹೊಸ ಫೋನಿನಲ್ಲಿ ತೆರೆದು, ಅವರು ಕಳಿಸಿದ ಬ್ಲೌಸ್ ಫೋಟೋ ಒತ್ತಿ ದೊಡ್ಡದು ಮಾಡಿ. ಒಂದು ವಾಯ್ಸ್ ಮೆಸೇಜ್ ಕೇಳಿ. ಎರಡೂ ಸರಿ ಬಂದರೆ ಹೊಸ ಫೋನಿನ Chat backup ಪುಟಕ್ಕೆ ಹೋಗಿ, ಅಕೌಂಟ್ ನಿಮ್ಮದೇ ಇದೆಯಾ ನೋಡಿ, ಆಗ ಬ್ಯಾಕಪ್ ಆನ್ ಮಾಡಿ. ಎಕ್ಸ್‌ಚೇಂಜ್‌ನ ಆಫರ್ ಈ ಭಾನುವಾರಕ್ಕೇ ಮುಗಿಯುತ್ತದೆ ಅಂದರೆ ಶನಿವಾರ ರಾತ್ರಿಯೊಳಗೆ ಇಷ್ಟನ್ನೂ ಮಾಡಿ, ಇಲ್ಲಾ ಆಫರ್ ಹೋಗಲಿ.

ಇಷ್ಟೆಲ್ಲಾ ಮಾಡಿಯೂ ಬರಲಿಲ್ಲ, ಡ್ರೈವ್‌ನಲ್ಲಿ ಇಲ್ಲ, ಹಳೆ ಫೋನಿನಲ್ಲೂ ಚಾಟ್ ಅಳಿಸಿಹೋಗಿದೆ ಅಂದರೆ ನಿಮ್ಮ ಫೋನಿನಿಂದ ತರುವ ದಾರಿ ಮುಗಿಯಿತು. ಆದರೆ ಪ್ರತಿ ಚಾಟ್ ಇರುವುದು ಎರಡು ಫೋನಿನಲ್ಲಿ. ಗಿರಾಕಿ ಕಳಿಸಿದ ಅಳತೆ, ಡಿಸೈನ್ ಅವರ ಫೋನಿನಲ್ಲೂ ಇರುತ್ತದೆ. ಅವರು ಆ ಚಾಟ್ ತೆರೆದು Export chat ಒತ್ತಿ, ಫೋಟೋ ಸಮೇತ ನಿಮಗೆ ಕಳಿಸಬಹುದು. ಕಾಯಂ ಗಿರಾಕಿಗಳಿಗೆ ಇವತ್ತೇ ಒಂದು ಮೆಸೇಜ್ ಹಾಕಿ: ‘ನಮ್ಮ ಹಳೆ ಚಾಟ್ ಅಳಿಸಬೇಡಿ, ನನಗೆ ಬೇಕಾಗಬಹುದು.’